ಮನೆಯಲ್ಲಿ ಹುರಿದ ಕಾಫಿಗೆ ಹುಳಿ ಬರುವುದು: ಪ್ರತಿಕ್ರಿಯೆ

"ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಬಾಣಲೆಯಲ್ಲಿ ಅರೇಬಿಕಾ ಬೀಜ ಹುರಿಯುತ್ತೇನೆ. ಆರೇ ನಿಮಿಷಕ್ಕೆ ಕಂದಾಗುತ್ತದೆ, ಆದರೆ ಕಾಫಿ ಹುಳಿ, ಹಸಿ ವಾಸನೆ. ಯಾಕೆ?"

ಮೊದಲಿನಿಂದಲೇ ಉರಿ ಜೋರಾಗಿದ್ದು, ಹೊರಮೈ ಕಂದಾಗುವಷ್ಟರಲ್ಲಿ ಒಳಗಿನ ತಿರುಳು ಹಸಿಯಾಗಿ ಉಳಿದಿರುವುದೇ ಬಹುಶಃ ಇದಕ್ಕೆ ಕಾರಣ. ಹುರಿದ ಬೀಜವೊಂದನ್ನು ಒಡೆದು ನೋಡಿ. ಒಳಭಾಗದ ಬಣ್ಣ ಹೊರಮೈಗಿಂತ ಬಹಳ ತಿಳಿಯಾಗಿದ್ದರೆ ಸಂದೇಹವಿಲ್ಲ.

ಮುಂದಿನ ಸಲ 150 ಗ್ರಾಂ ಬೀಜವನ್ನು ಮಧ್ಯಮ ಉರಿಯಲ್ಲಿ ಬಿಡದೆ ಕೈಯಾಡಿಸುತ್ತ, ಹಳದಿಗೆ ತಿರುಗಲು ಐದಾರು ನಿಮಿಷ ಕೊಡಿ. ಈ ಹಂತದಲ್ಲಿ ನೀರಿನಂಶ ಆರುತ್ತದೆ, ಹುಲ್ಲಿನ ವಾಸನೆ ಹೋಗಿ ರೊಟ್ಟಿ ಬೇಯುವಂಥ ಘಮ ಬರುತ್ತದೆ. ಅಲ್ಲಿಂದ ಮುಂದೆ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಕಂದುಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ. ಬೀಜದ ತಾಪ ಸುಮಾರು 196 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಒಳಗಿನ ಉಗಿಯ ಒತ್ತಡದಿಂದ ಜೋಳದ ಅರಳು ಸಿಡಿದಂಥ ಸದ್ದು ಕೇಳುತ್ತದೆ.

ಸದ್ದು ಕೇಳಿದೊಡನೆ ಇಳಿಸಬೇಡಿ. ಉರಿ ತುಸು ತಗ್ಗಿಸಿ ಇನ್ನೆರಡು ನಿಮಿಷ ಹುರಿದರೆ ಸಿಟ್ರಿಕ್ ಮತ್ತು ಮ್ಯಾಲಿಕ್ ಆಮ್ಲಗಳು ಒಡೆದು ಹುಳಿ ಹದಕ್ಕೆ ಬರುತ್ತದೆ. ಹಾಲು ಬೆರೆಸಿ ಕುಡಿಯುವುದಾದರೆ ಎರಡನೆಯ ಸಿಡಿತದ ಸಣ್ಣ ಚಿಟಚಿಟ ಶುರುವಾಗುವವರೆಗೂ ಹೋಗಬಹುದು. ಅದನ್ನು ದಾಟಿದರೆ ಹುಳಿ ಮಾಯವಾಗಿ, ಕ್ಲೋರೋಜೆನಿಕ್ ಆಮ್ಲ ಒಡೆದು ಹುಟ್ಟಿದ ಪದಾರ್ಥಗಳಿಂದ ಕಹಿಯೇ ಮುಂದಾಗುತ್ತದೆ.

ಇಳಿಸಿದ ತಕ್ಷಣ ಮೊರಕ್ಕೆ ಸುರಿದು ಗಾಳಿ ಹಾಕಿ, ಏಕೆಂದರೆ ಬೀಜದೊಳಗಿನ ಬಿಸಿಗೇ ಹುರಿತ ಮುಂದುವರಿಯುತ್ತದೆ. ಒಂದು ದಿನ ಬಿಟ್ಟು ಪುಡಿ ಮಾಡಿ.