ರಹರಾಸ್ ಕಲಿಯುವಾಗ ಕನ್ನಡದ ಕಿವಿ ಎಡವುವ ಜಾಗಗಳು

ಪ್ರಶ್ನೆ: ನಾನು ಮೈಸೂರಿನವಳು, ಮದುವೆಯಾಗಿ ಲುಧಿಯಾನಕ್ಕೆ ಬಂದು ನಾಲ್ಕು ವರ್ಷವಾಯಿತು. ಅತ್ತೆಯವರು ಪ್ರತಿ ಸಂಜೆ ಸಿಖ್ಖರ ಸಂಜೆಯ ಪ್ರಾರ್ಥನೆಯಾದ ರಹರಾಸ್ ಸಾಹಿಬ್ ಓದುತ್ತಾರೆ. ಬೆಳಗಿನ ಜಪ್‌ಜಿ ನನಗೆ ಬಾಯಿಪಾಠವಾಗಿದೆ. ಆದರೆ ರಹರಾಸ್ ಶುರುಮಾಡಿದರೆ ಮೊದಲ ಪುಟದಲ್ಲೇ ಜಪ್‌ಜಿಗೆ ಜಾರಿಬಿಡುತ್ತೇನೆ. ಅರ್ಥ ಅರ್ಧಂಬರ್ಧ ತಿಳಿಯುತ್ತದೆ. ಅತ್ತೆಯವರ ಗುಟ್ಕಾ ಪುಸ್ತಕದಲ್ಲಿ ಇರುವುದೆಲ್ಲ ನನ್ನ ಮೊಬೈಲಿನ ಪಾಠದಲ್ಲಿ ಇಲ್ಲ. ಯಾವುದು ಸರಿ? ನಿಧಾನವಾಗಿ ಕಲಿಯಲು ಎಲ್ಲಿಂದ ಹಿಡಿಯಬೇಕು?

ಉತ್ತರ: ಜಪ್‌ಜಿ ಒಬ್ಬರೇ ಗುರುಗಳ ಒಂದೇ ರಚನೆ. ರಹರಾಸ್ ಹಾಗಲ್ಲ, ಅದು ಪೋಣಿಸಿದ ಮಾಲೆ. ಅದನ್ನು ಜಪ್‌ಜಿಯಂತೆ ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಬಾಯಿಪಾಠ ಮಾಡಲು ಹೊರಟವರು ಸಾಮಾನ್ಯವಾಗಿ ಎರಡನೆಯ ಪುಟದಲ್ಲೇ ನಿಲ್ಲುತ್ತಾರೆ.

ಮಾಲೆಯ ಮುಖ್ಯ ಭಾಗ ಒಂಬತ್ತು ಶಬದ್‌ಗಳು, ಅಂದರೆ ಹಾಡುಗಳು. ಗುರು ಗ್ರಂಥ ಸಾಹಿಬ್‌ನಲ್ಲಿ ಜಪ್‌ಜಿ ಮುಗಿದ ಕೂಡಲೇ, 8ನೆಯ ಪುಟದಿಂದ 12ನೆಯ ಪುಟದವರೆಗೆ ಇವು ಬರುತ್ತವೆ. ಮೊದಲ ಐದಕ್ಕೆ ‘ಸೋ ದರ್’ ಎಂದೂ ಮುಂದಿನ ನಾಲ್ಕಕ್ಕೆ ‘ಸೋ ಪುರಖ್’ ಎಂದೂ ಹೆಸರು. ಬರೆದವರು ಮೂವರು: ಗುರು ನಾನಕ್, ಗುರು ರಾಮದಾಸ್, ಗುರು ಅರ್ಜನ್. ಎಲ್ಲರೂ ಅಂಕಿತವಾಗಿ ‘ನಾನಕ್’ ಎಂದೇ ಹಾಕುವುದರಿಂದ ಯಾರದೆಂದು ತಿಳಿಯುವುದು ಶೀರ್ಷಿಕೆಯಿಂದ. ಮಹಲಾ 1 ಎಂದರೆ ಮೊದಲ ಗುರು, 4 ಎಂದರೆ ರಾಮದಾಸ್, 5 ಎಂದರೆ ಅರ್ಜನ್. ಓದುವಾಗ ಅಂಕಿಯನ್ನು ‘ಏಕ್’, ‘ಚಾರ್’ ಎನ್ನದೆ ‘ಪಹಿಲಾ’, ‘ಚೌಥಾ’ ಎನ್ನಬೇಕು. ಇದರ ಮುಂದೆ ಗುರು ಗೋಬಿಂದ್ ಸಿಂಗರ ಬೇನತೀ ಚೌಪಈ, ಒಂದು ಸವಯ್ಯಾ, ಒಂದು ದೋಹರಾ ಬರುತ್ತವೆ. ಇವು ದಸಂ ಗ್ರಂಥದವು. ಆಮೇಲೆ ಗುರು ಅಮರದಾಸರ ಆನಂದ್ ಸಾಹಿಬ್‌ನ ಮೊದಲ ಐದು ಪೌಡಿಗಳು, ಎಂದರೆ ಚರಣಗಳು, ಮತ್ತು ಕೊನೆಯ, ಅಂದರೆ ನಲವತ್ತನೆಯ ಪೌಡಿ. ಕೊನೆಗೆ ಗುರು ಅರ್ಜನರ ಮುಂದಾವಣಿ ಮತ್ತು ಒಂದು ಸಲೋಕ್. ಈ ಎರಡೂ 1430 ಪುಟಗಳ ಗ್ರಂಥದ 1429ನೆಯ ಪುಟದವು. ಗ್ರಂಥದ ಹೊಸ್ತಿಲಿನಿಂದ ಹಿತ್ತಿಲಿನವರೆಗೆ ಅರ್ಧ ಗಂಟೆಯಲ್ಲಿ ಹೋಗಿಬಂದಂತೆ.

ಈಗ ನಿಮ್ಮ ಜಾರುವಿಕೆ. ತಪ್ಪು ನೆನಪಿನದಲ್ಲ. ರಹರಾಸಿನ ಮೊದಲ ಶಬದ್, ಜಪ್‌ಜಿಯ 27ನೆಯ ಪೌಡಿ, ಎರಡೂ ಬಹುತೇಕ ಒಂದೇ ಪದ್ಯ. ಜಪ್‌ಜಿಯಲ್ಲಿ ‘ಸೋ ದರ್ ಕೇಹಾ ಸೋ ಘರ್ ಕೇಹಾ’, ಆ ಬಾಗಿಲು ಎಂಥದು, ಆ ಮನೆ ಎಂಥದು ಎಂದು ಶುರುವಾಗುತ್ತದೆ. ಸಂಜೆಯ ಪಾಠದಲ್ಲಿ ‘ಸೋ ದರ್ ತೇರಾ ಕೇಹಾ’, ನಿನ್ನ ಆ ಬಾಗಿಲು ಎಂಥದು. ಮುಂದಿನ ಸಾಲಿನಲ್ಲಿ ಬೆಳಿಗ್ಗೆ ‘ವಾಜೇ ನಾದ್ ಅನೇಕ್ ಅಸಂಖಾ ಕೇತೇ ವಾವಣ್‌ಹಾರೇ’, ಸಂಜೆ ‘ವಾಜೇ ತೇರೇ ನಾದ್ ಅನೇಕ್ ಅಸಂಖಾ ಕೇತೇ ತೇರೇ ವಾವಣ್‌ಹಾರೇ’. ಗಾಳಿ, ನೀರು, ಬೆಂಕಿ ಹಾಡುವ ಸಾಲಿನಲ್ಲಿ ಬೆಳಿಗ್ಗೆ ‘ಗಾವಹಿ ತುಹನೋ’, ಸಂಜೆ ‘ಗಾವನ್ ತುಧನೋ’. ಹಾಗಾಗಿ ಇಡೀ ಶಬದ್ ಹೊಸದಾಗಿ ಕಲಿಯಬೇಕಾಗಿಲ್ಲ. ಎರಡೂ ಪಾಠಗಳನ್ನು ಒಂದು ಹಾಳೆಯ ಮೇಲೆ ಎದುರುಬದುರು ಬರೆದು, ಹೆಚ್ಚಾಗಿ ಬಂದ ‘ತೇರಾ’, ‘ತೇರೇ’ಗಳಿಗೂ ‘ತುಧನೋ’ಗೂ ಕೆಂಪು ಗೆರೆ ಎಳೆಯಿರಿ. ನಾಲಿಗೆ ಆ ಗೆರೆಗಳನ್ನು ನೆನಪಿಟ್ಟರೆ ಸಾಕು. ಜಾರಿದಿರೋ ಇಲ್ಲವೋ ಎಂದು ತಿಳಿಯುವುದೂ ಸುಲಭ: ಮೊದಲ ಸಾಲಿನ ‘ತೇರಾ’ ಬಿಟ್ಟುಹೋಗಿದ್ದರೆ ನೀವು ಆಗಲೇ ಜಪ್‌ಜಿಯಲ್ಲಿದ್ದೀರಿ.

ಕಲಿಕೆಯನ್ನು ಮಾತ್ರ ಈ ಮೊದಲ ಶಬದ್‌ನಿಂದ ಶುರುಮಾಡಬೇಡಿ. ಐದನೆಯದರಿಂದ ಮಾಡಿ. ‘ಕಾಹೇ ರೇ ಮನ್ ಚಿತವಹಿ ಉದಮ್’ ಎಂದು ತೊಡಗುವ, ಗೂಜರೀ ರಾಗದ ಗುರು ಅರ್ಜನರ ಶಬದ್ ಅದು. ಪುಟ್ಟದು, ಒಳಗೊಂದು ಕಥೆಯಿದೆ. ಕನ್ನಡಿಗರಿಗೆ ಗುರುತಿನದೂ ಹೌದು: ಕನಕದಾಸರು ‘ತಲ್ಲಣಿಸದಿರು ಕಂಡ್ಯ ತಾಳು ಮನವೇ’ ಎಂದು ಮನಸ್ಸನ್ನೇ ಕರೆದು, ಕಲ್ಲಿನೊಳಗಿನ ಕಪ್ಪೆಗೆ ಆಹಾರ ಇತ್ತವರಾರು ಎಂದು ಕೇಳುತ್ತಾರಲ್ಲ, ಇಲ್ಲಿಯೂ ಕರೆಯುವುದು ಮನಸ್ಸನ್ನೇ, ತೋರಿಸುವುದೂ ಕಲ್ಲಿನೊಳಗಿನ ಜೀವವನ್ನೇ.

ಮೊದಲು ಅದರ ‘ರಹಾಉ’ ಸಾಲನ್ನು ಹಿಡಿಯಿರಿ. ರಹಾಉ ಎಂದರೆ ನಿಲ್ಲು. ಅಲ್ಲಿ ನಿಂತು ನೋಡಿದರೆ ಶಬದ್‌ನ ತಿರುಳು ಸಿಗುತ್ತದೆ, ಹಾಡುವಾಗ ಪಲ್ಲವಿಯಾಗಿ ಮರಳುವುದೂ ಅದೇ. ಇಲ್ಲಿ ಅದು ‘ಮೇರೇ ಮಾಧಉ ಜೀ ಸತ್‌ಸಂಗತ್ ಮಿಲೇ ಸೋ ತರಿಆ’. ಮಾಧವನೇ, ಸತ್ಸಂಗ ದೊರೆತವನು ದಾಟಿದನು. ಗುರುವಿನ ಕೃಪೆಯಿಂದ ಪರಮಪದ ಸಿಕ್ಕಿತು, ಒಣಗಿದ ಕೊರಡು ಹಸಿರಾಯಿತು.

ಇನ್ನು ಪದಗಳು. ಮೊದಲ ಸಾಲಿನ ‘ಜಾ ಆಹರ್ ಹರ್ ಜೀಉ ಪರಿಆ’ ಎಂಬಲ್ಲಿ ‘ಆಹರ್’ ಕೇಳಿದೊಡನೆ ನಮ್ಮ ಕಿವಿ ಆಹಾರ ಎಂದುಕೊಳ್ಳುತ್ತದೆ. ಮುಂದಿನ ಸಾಲಿನಲ್ಲಿ ಅನ್ನದ ಮಾತೇ ಬರುವುದರಿಂದ ಅನುಮಾನವೂ ಹುಟ್ಟುವುದಿಲ್ಲ. ನಾನು ಬಹಳ ದಿನ ಹಾಗೆಯೇ ಓದಿಕೊಂಡಿದ್ದೆ. ಆದರೆ ಪಂಜಾಬಿಯ ಆಹರ್ ಎಂದರೆ ಉದ್ಯೋಗ, ಓಡಾಟ. ಮನಸ್ಸೇ, ಯಾವ ಕೆಲಸದಲ್ಲಿ ಹರಿಯೇ ತೊಡಗಿದ್ದಾನೋ ಅದಕ್ಕೆ ನೀನೇಕೆ ತಲೆ ಕೆಡಿಸಿಕೊಳ್ಳುತ್ತೀಯೆ ಎಂದು ಅರ್ಥ. ಅನ್ನಕ್ಕೆ ಇಲ್ಲಿ ಬರುವ ಪದ ‘ರಿಜಕ್’, ಅರಬ್ಬಿಯಿಂದ ಬಂದದ್ದು. ಬಂಡೆಯಲ್ಲಿ ಜಂತುವನ್ನು ಹುಟ್ಟಿಸಿ, ಅದರ ರಿಜಕ್ ಅನ್ನು ಮುಂಚೆಯೇ ಎದುರಿಗೆ ಇಟ್ಟಿದ್ದಾನೆ.

ಎರಡನೆಯ ಚರಣದಲ್ಲಿ ತಾಯಿ, ತಂದೆ, ಮಗ, ಹೆಂಡತಿ ಯಾರೂ ಯಾರಿಗೂ ಆಧಾರವಲ್ಲ, ಒಡೆಯನು ತಲೆತಲೆಗೂ ರಿಜಕ್ ಮುಟ್ಟಿಸುತ್ತಾನೆ, ಮನಸ್ಸೇ ಏಕೆ ಭಯ ಎಂಬ ಮಾತು. ಮೂರನೆಯದರಲ್ಲಿ ಹಕ್ಕಿ ಬರುತ್ತದೆ: ‘ಊಡೇ ಊಡ್ ಆವೈ ಸೈ ಕೋಸಾ ತಿಸ್ ಪಾಛೈ ಬಚರೇ ಛರಿಆ’. ಹಾರಿ ಹಾರಿ ನೂರಾರು ಹರದಾರಿ ಬರುತ್ತದೆ, ಮರಿಗಳನ್ನು ಹಿಂದೆ ಬಿಟ್ಟು. ಪದ್ಯದಲ್ಲಿ ಹಕ್ಕಿಗೆ ಹೆಸರಿಲ್ಲ. ಪಂಜಾಬಿನ ವ್ಯಾಖ್ಯಾನಗಳು ಅದನ್ನು ‘ಕೂಂಜ್’ ಎನ್ನುತ್ತವೆ, ಚಳಿಗಾಲದಲ್ಲಿ ವಲಸೆ ಬರುವ ಕೊಕ್ಕರೆಯಂಥ ಹಕ್ಕಿ. ಅವಕ್ಕೆ ಯಾರು ತಿನ್ನಿಸುತ್ತಾರೆ, ಯಾರು ಕಾಳು ಹೆಕ್ಕಿಸುತ್ತಾರೆ? ಅದರ ಬೆನ್ನಿಗೇ ‘ಮನ್ ಮಹಿ ಸಿಮರನ್ ಕರಿಆ’. ಯಾರ ಮನಸ್ಸು? ತಾಯಿಹಕ್ಕಿ ದೂರದಿಂದಲೇ ಮರಿಗಳನ್ನು ನೆನೆಯುತ್ತಿದೆ ಎಂದು ಕೆಲವರು, ನೀನು ಇದನ್ನು ಎಂದಾದರೂ ಯೋಚಿಸಿದ್ದೀಯಾ ಎಂದು ಕೆಲವರು. ನನಗೆ ಮೊದಲನೆಯದೇ ಹಿಡಿಸುತ್ತದೆ. ಕೊನೆಯ ಚರಣದಲ್ಲಿ ನಿಧಿಗಳು, ಸಿದ್ಧಿಗಳು ಎಲ್ಲವೂ ಅವನ ಅಂಗೈಯಲ್ಲಿವೆ ಎಂದು ಹೇಳಿ, ‘ಬಲ್ ಬಲ್’ ಎಂದು ನಾನಕ್ ದೃಷ್ಟಿ ತೆಗೆದಂತೆ ತನ್ನನ್ನೇ ನಿವಾಳಿಸಿಕೊಳ್ಳುತ್ತಾನೆ. ತುದಿಯಲ್ಲಿರುವ ॥4॥5॥ ಎಂಬ ಅಂಕಿಗಳು ಓದುವುದಕ್ಕಲ್ಲ. ನಾಲ್ಕು ಚರಣ ಮುಗಿಯಿತು, ಇದು ಐದನೆಯ ಶಬದ್ ಎಂದು ಲೆಕ್ಕ ಅಷ್ಟೆ.

‘ಆಹರ್’ನಂಥ ಮೋಸದ ಗೆಳೆಯರು ಇನ್ನಿಬ್ಬರಿದ್ದಾರೆ. ಮೂರನೆಯ ಶಬದ್‌ನ ರಹಾಉ ‘ಸೋ ಕಿಉ ವಿಸರೈ ಮೇರೀ ಮಾಇ’. ಇಲ್ಲಿ ಮಾಇ ಮಾಯೆಯಲ್ಲ, ತಾಯಿ. ಅಮ್ಮಾ, ಅವನನ್ನು ಮರೆಯುವುದು ಹೇಗೆ ಎಂದು ಕರೆಯುವುದು. ಎಂಟನೆಯದರಲ್ಲಿ ‘ಪಂಕಜ್ ಮೋಹ್ ಪಗ್ ನಹೀ ಚಾಲೈ’ ಎಂದಾಗ ಕಣ್ಣ ಮುಂದೆ ತಾವರೆ ಬಂದರೆ ಸಾಲು ಕೆಟ್ಟಿತು. ಅದನ್ನು ‘ಪಂಕ್ ಜು ಮೋಹ್’ ಎಂದು ಬಿಡಿಸಬೇಕು: ಮೋಹವೆಂಬ ಕೆಸರು, ಕಾಲು ಕೀಳಲಾಗದು, ಅದರಲ್ಲಿ ಮುಳುಗಿದವರನ್ನು ಕಂಡೆವು. ಸಂಸ್ಕೃತದ ನೆರಳು ಕಂಡ ಕಡೆಯೆಲ್ಲ ಅರ್ಥ ಗೊತ್ತು ಎಂದುಕೊಳ್ಳುವುದು ನಮ್ಮ ಕಡೆಯವರ ದೊಡ್ಡ ತೊಡಕು. ಪಂಜಾಬಿ ಮಕ್ಕಳಿಗೆ ಇದು ಕಾಡುವುದಿಲ್ಲ.

ಉಚ್ಚಾರದಲ್ಲಿಯೂ ಒಂದು ಮಾತು. ಕನ್ನಡದಲ್ಲಿ ಬರೆದದ್ದನ್ನೆಲ್ಲ ಓದುತ್ತೇವೆ. ಗುರ್ಮುಖಿಯಲ್ಲಿ ಪದದ ಕೊನೆಯ ಹ್ರಸ್ವ ಇಕಾರ, ಉಕಾರಗಳನ್ನು ಸಾಮಾನ್ಯವಾಗಿ ನುಡಿಯುವುದಿಲ್ಲ. ‘ಹರಿ’ ಎಂದು ಬರೆದದ್ದು ಹರ್, ‘ನಾಮು’ ಎಂದು ಬರೆದದ್ದು ನಾಮ್. ಹಾಗೆಂದು ಅವು ವ್ಯರ್ಥವಲ್ಲ, ನಮ್ಮ ವಿಭಕ್ತಿ ಪ್ರತ್ಯಯದ ಕೆಲಸ ಮಾಡುತ್ತವೆ. ‘ಮನು’ ಎಂದರೆ ಮನಸ್ಸು, ‘ಮನಿ’ ಎಂದರೆ ಮನಸ್ಸಿನಲ್ಲಿ, ಏನೂ ಇಲ್ಲದ ‘ಮನ’ ಸಂಬೋಧನೆಯೂ ಆಗಬಹುದು. ‘ಕಾಹೇ ರೇ ಮನ್’ ಎಂಬಲ್ಲಿ ಗುರ್ಮುಖಿ ಪುಟ ತೆರೆದು ನೋಡಿ, ಉಕಾರ ಇಲ್ಲ. ಮನಸ್ಸನ್ನು ಕರೆಯುತ್ತಿದ್ದಾರೆ ಎಂದು ಅಕ್ಷರವೇ ಹೇಳುತ್ತಿದೆ. ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿತರೆ ಈ ಗುರುತು ಕಳೆದುಹೋಗುತ್ತದೆ, ಆದ್ದರಿಂದ ಗುರ್ಮುಖಿಯನ್ನೇ ಮುಂದಿಟ್ಟುಕೊಳ್ಳಿ.

ಅತ್ತೆಯವರ ಗುಟ್ಕಾ ವಿಷಯ. (ಊರಿಗೆ ಫೋನ್ ಮಾಡಿದಾಗ ಇದು ನಿತ್ಯಪಾಠದ ಪುಟ್ಟ ಪುಸ್ತಕ ಎಂದು ಬಿಡಿಸಿ ಹೇಳಿ, ತಾಯಿಯವರು ಗಾಬರಿಯಾದಾರು.) ನಾನು ಮೇಲೆ ಹೇಳಿದ ಕ್ರಮ ಶಿರೋಮಣಿ ಗುರುದ್ವಾರಾ ಪ್ರಬಂಧಕ ಸಮಿತಿಯ ಆಚಾರಸಂಹಿತೆಯಾದ ರೆಹತ್ ಮರ್ಯಾದೆಯದು. ದಮ್‌ದಮೀ ಟಕ್ಸಾಲ್ ಮುಂತಾದ ಪರಂಪರೆಗಳ ಪಾಠ ಇದಕ್ಕಿಂತ ಉದ್ದ. ‘ಹರ್ ಜುಗ್ ಜುಗ್ ಭಗತ್ ಉಪಾಇಆ’ ಎಂದು ಶುರುವಾಗಿ, ಚೌಪಈಯ ಸುತ್ತಲೂ ಹೆಚ್ಚಿನ ಪದ್ಯಗಳು ಸೇರುತ್ತವೆ. ಒಂಬತ್ತು ಶಬದ್‌ಗಳು ಎರಡರಲ್ಲೂ ಇವೆ. ಮೊದಲು ಅವನ್ನು ಕಲಿಯಿರಿ, ಆಮೇಲೆ ಮನೆಯಲ್ಲಿ ಓದುವ ಪಾಠವನ್ನೇ ಅನುಸರಿಸಿ. ಮೊಬೈಲಿನದನ್ನು ಹಿಡಿದು ಅತ್ತೆಯವರನ್ನು ತಿದ್ದಲು ಹೋಗಬೇಡಿ.

ಎರಡು ವಾರಕ್ಕೊಂದು ಶಬದ್ ಎಂದಿಟ್ಟುಕೊಂಡರೆ ಒಂಬತ್ತಕ್ಕೂ ನಾಲ್ಕು ತಿಂಗಳಿಗೆ ಸ್ವಲ್ಪ ಹೆಚ್ಚು. ಐದನೆಯದರ ನಂತರ ಒಂಬತ್ತನೆಯದು, ‘ಭಈ ಪರಾಪತ್ ಮಾನುಖ್ ದೇಹುರೀಆ’: ಮನುಷ್ಯ ದೇಹ ಸಿಕ್ಕಿದೆ, ಗೋವಿಂದನನ್ನು ಕೂಡಲು ಇದು ನಿನ್ನ ಸರದಿ. ಆಮೇಲೆ ನಾಲ್ಕನೆಯದು. ಅದರ ರಹಾಉದಲ್ಲೇ ‘ಹರ್ ಕೀರತ್ ಹಮರೀ ರಹರಾಸ್’ ಎಂಬ ಮಾತಿದೆ, ಇಡೀ ಪಾಠಕ್ಕೆ ಹೆಸರು ಸಿಕ್ಕಿದ್ದು ಅಲ್ಲಿಂದ. ಮೊದಲನೆಯದನ್ನೂ ಆರನೆಯದಾದ ‘ಸೋ ಪುರಖ್’ ಅನ್ನೂ ಕೊನೆಗೆ ಇಟ್ಟುಕೊಳ್ಳಿ. ಎರಡೂ ಉದ್ದ, ಹಿಡಿದುಕೊಳ್ಳಲು ರಹಾಉ ಕೂಡ ಇಲ್ಲ. ಚೌಪಈ ನಿಮಗೆ ಭಾರವಾಗದು, ‘ಹಮರೀ ಕರೋ ಹಾಥ್ ದೈ ರಛಾ’ ಎಂಬಲ್ಲಿನ ರಛಾ ನಮ್ಮ ರಕ್ಷೆಯೇ. ಅಲ್ಲಿಯವರೆಗೆ ಸಂಜೆ ಅತ್ತೆಯವರ ಪಕ್ಕ ತಲೆ ಮುಚ್ಚಿಕೊಂಡು ಕುಳಿತು, ಬಂದಷ್ಟು ಸಾಲುಗಳಿಗೆ ದನಿ ಸೇರಿಸಿ, ಉಳಿದದ್ದನ್ನು ಪುಟದ ಮೇಲೆ ಬೆರಳಿಟ್ಟು ಕೇಳಿಸಿಕೊಳ್ಳಿ.