ಮೇಸ್ತ್ರಿಗಳು ಒಪ್ಕೊಂಡ ಕೆಲಸ ವಾರದಲ್ಲಿ ಮುಗಿಸಲ್ಲ, ದಂಡ ಹಾಕಿದ್ರೆ ಸರಿಹೋಗ್ತಾರಾ?

"ನಮ್ಮ ಸೈಟಲ್ಲಿ ಆರು ವಾರದ ಲುಕ್‌ಅಹೆಡ್ ಪ್ಲಾನ್ ಇದೆ. ಶನಿವಾರದ ಮೀಟಿಂಗಲ್ಲಿ ಎಲ್ಲ ಮೇಸ್ತ್ರಿಗಳೂ 'ಆಗತ್ತೆ ಸರ್' ಅಂತಾರೆ, ಮುಂದಿನ ಶನಿವಾರ ನೋಡಿದ್ರೆ ಅರ್ಧವೂ ಆಗಿರಲ್ಲ. ಬಿಲ್ಲಲ್ಲಿ ಕಟ್ ಮಾಡೋಣ ಅಂತಿದ್ದೀನಿ. ಯಾರಾದ್ರೂ ಮಾಡಿ ನೋಡಿದ್ದೀರಾ?"

ನಾನು ಮಾಡಿ ನೋಡಿದ್ದೀನಿ. ಟೈಲ್ಸ್ ಮೇಸ್ತ್ರಿಯ ಬಿಲ್ಲಲ್ಲಿ ಐದು ಸಾವಿರ ಕಟ್ ಮಾಡಿದ್ದೆ. ತಪ್ಪು ಅವನದಾಗಿರಲಿಲ್ಲ, ನನ್ನದಾಗಿತ್ತು. ಅದು ಅರ್ಥವಾಗೋಕೆ ಎರಡು ತಿಂಗಳು ಬೇಕಾಯ್ತು.

ಬೆಂಗಳೂರಲ್ಲಿ ಹದಿನಾಲ್ಕು ಫ್ಲೋರಿನ ಅಪಾರ್ಟ್‌ಮೆಂಟ್, ನಾನು ಪ್ಲಾನಿಂಗ್ ಇಂಜಿನಿಯರ್. ಫ್ಲೋರಿಗೆ ನಾಲ್ಕು ಮನೆ, ಮನೆಗೆ ಎರಡು ಟಾಯ್ಲೆಟ್. ಏಳನೇ ಫ್ಲೋರಿನ ಎಂಟು ಟಾಯ್ಲೆಟ್‌ಗೆ ಟೈಲ್ಸ್ ಹಾಕೋ ಕೆಲಸ ನನ್ನ ಲುಕ್‌ಅಹೆಡ್‌ನಲ್ಲಿ ಆರು ವಾರ ಮೊದಲೇ ಕಾಣಿಸಿಕೊಂಡಿತ್ತು. ಪಕ್ಕದಲ್ಲಿ ಅಡಚಣೆಯ ಕಾಲಂ. ಅದರಲ್ಲಿ ನಾನೇ ಬರೆದಿದ್ದೆ: "ಮಾಸ್ಟರ್ ಟಾಯ್ಲೆಟ್ ಫ್ಲೋರ್ ಟ್ರ್ಯಾಪ್ ಡ್ರಾಯಿಂಗ್ ಬಾಕಿ." ಯಾರ ಜವಾಬ್ದಾರಿ? "ಎಂಇಪಿ." ಯಾವಾಗ? "ಆದಷ್ಟು ಬೇಗ."

ನನಗೆ ದುಬಾರಿಯಾದ ತಪ್ಪು ಈ ಒಂದು ಸಾಲು. ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ, ಯಾಕಂದ್ರೆ ನಿಮ್ಮ ಶೀಟಲ್ಲೂ ಇಂಥ ಸಾಲು ಇದ್ದೇ ಇರತ್ತೆ. ಎಂಇಪಿ ಅಂದ್ರೆ ಪ್ಲಂಬಿಂಗ್, ಕರೆಂಟ್ ಕೆಲಸದ ಕಡೆಯವರು, ಸರಿ. ಆದ್ರೆ ಅವರಲ್ಲಿ ಯಾರು? ಕನ್ಸಲ್ಟೆಂಟಾ, ಕಾಂಟ್ರಾಕ್ಟರಾ, ನಮ್ಮದೇ ಎಂಇಪಿ ಇಂಜಿನಿಯರಾ? ಮೂವರೂ ಆ ಶೀಟ್ ನೋಡಿದ್ದರು. ಮೂವರೂ ಇದು ಇನ್ನೊಬ್ಬರದು ಅಂದುಕೊಂಡರು. ಪ್ರತಿ ಗುರುವಾರ ನಾನು ಮಾಡ್ತಿದ್ದದ್ದು ಇಷ್ಟೇ: ಮಾಸ್ಟರ್ ಶೆಡ್ಯೂಲಿಂದ ಮುಂದಿನ ಆರು ವಾರದ ಬಾರ್‌ಗಳನ್ನು ಕಟ್ ಮಾಡಿ, ಪಿಡಿಎಫ್ ಮಾಡಿ ಗ್ರೂಪಿಗೆ ಹಾಕೋದು. ಆ ಟೈಲ್ಸ್ ಕೆಲಸ ಆರನೇ ವಾರದಿಂದ ಐದಕ್ಕೆ, ನಾಲ್ಕಕ್ಕೆ, ಮೂರಕ್ಕೆ ತಾನಾಗೇ ಜಾರಿ ಬಂತು. ಅದನ್ನು ಮುಂದಕ್ಕೆ ತಂದದ್ದು ಕ್ಯಾಲೆಂಡರ್. ಡ್ರಾಯಿಂಗ್ ಇದ್ದಲ್ಲೇ ಇತ್ತು.

ಒಂದು ಸಲ ಕೂತು ಹಿಂದಕ್ಕೆ ಲೆಕ್ಕ ಹಾಕಿದ್ರೆ ಗೊತ್ತಾಗ್ತಿತ್ತು. ನಮ್ಮ ಸೈಟಲ್ಲಿ ಒಂದು ಫ್ಲೋರಿನ ಸಂಕನ್ ಟಾಯ್ಲೆಟ್‌ಗಳಿಗೆ ಪೈಪ್ ಲೈನ್ ಹಾಕಿ ಟೆಸ್ಟ್ ಮಾಡೋಕೆ ನಾಲ್ಕು ದಿನ. ವಾಟರ್‌ಪ್ರೂಫಿಂಗ್ ಕೋಟ್‌ಗಳು ಒಣಗೋವರೆಗೆ ಐದು ದಿನ. ನೀರು ಕಟ್ಟಿ ನಿಲ್ಲಿಸೋಕೆ ಮೂರು ದಿನ. ಲೀಕ್ ಕಂಡ್ರೆ ರಿಪೇರಿ ಮಾಡಿ ಮತ್ತೆ ಕಟ್ಟಬೇಕು, ಆಗ ಆರು. ಫಿಲ್ಲಿಂಗ್ ಎರಡು, ಸ್ಕ್ರೀಡ್ ಹಾಕಿ ಕ್ಯೂರಿಂಗ್ ಆರು. ಒಟ್ಟು ಇಪ್ಪತ್ಮೂರು ದಿನ, ವಾರಕ್ಕೆ ಆರು ದಿನದಂತೆ ಹೆಚ್ಚೂಕಮ್ಮಿ ನಾಲ್ಕು ವಾರ. ಅಂದ್ರೆ ಟೈಲ್ಸ್ ಶುರುವಾಗೋ ನಾಲ್ಕು ವಾರ ಮೊದಲು ಡ್ರಾಯಿಂಗ್ ಪ್ಲಂಬರ್ ಕೈಲಿರಬೇಕಿತ್ತು. ಬಂದದ್ದು ಎರಡು ವಾರ ಮೊದಲು.

ಪ್ಲಂಬರ್ ಓಡಾಡಿ ಲೈನ್ ಹಾಕಿದ, ಕೋಟಿಂಗ್ ಆಯ್ತು. ಶನಿವಾರ ಬೆಳಿಗ್ಗೆ ಮಾಸ್ಟರ್ ಟಾಯ್ಲೆಟ್‌ಗಳಿಗೆ ನೀರು ಬಿಟ್ಟರು, ಮಧ್ಯಾಹ್ನ ವಾರದ ಮೀಟಿಂಗ್. ಕಾಮನ್ ಟಾಯ್ಲೆಟ್ ನಾಲ್ಕು ರೆಡಿ, ಮಾಸ್ಟರ್ ನಾಲ್ಕರಲ್ಲಿ ನೀರು ನಿಂತಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದ್ರೂ ಎಂಟನ್ನೂ ಪ್ಲಾನಿಗೆ ಹಾಕಿದೆ. ಮಂಗಳವಾರ ನೀರು ಖಾಲಿ ಮಾಡಿ ಗೋಡೆ ಟೈಲ್ಸ್ ಶುರು ಮಾಡಿಸೋಣ, ನೆಲ ಆಮೇಲೆ ನೋಡ್ಕೊಳ್ಳೋಣ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ರಾಜಸ್ಥಾನದ ಮೇಸ್ತ್ರಿ ನನ್ನ ಮುಖ ನೋಡಿ "ಹೋ ಜಾಯೇಗಾ ಸಾಬ್" ಅಂದ. ಇನ್ನೇನು ಹೇಳ್ತಾನೆ? ಅವನ ಬಿಲ್ ಪಾಸ್ ಮಾಡೋನು ನಾನೇ.

ಸೋಮವಾರ ಬೆಳಿಗ್ಗೆ ಆರನೇ ಫ್ಲೋರಿನ ಟಾಯ್ಲೆಟ್ ಸೀಲಿಂಗಲ್ಲಿ, ಪೈಪ್ ಸ್ಲೀವ್ ಸುತ್ತ, ಊಟದ ತಟ್ಟೆಯಷ್ಟು ಅಗಲದ ತೇವ. ಹನ್ನೆರಡು ಜನ ಟೈಲ್ಸ್‌ನವರು ಬಂದಿದ್ದರು. ಬುಧವಾರದ ಹೊತ್ತಿಗೆ ಕಾಮನ್ ಟಾಯ್ಲೆಟ್ ಮುಗಿಸಿ ಮೆಟ್ಟಿಲ ಮೇಲೆ ಕೂತರು. ಅವರಿಗೆ ಚದರಡಿ ಲೆಕ್ಕದಲ್ಲಿ ದುಡ್ಡು, ಕೂತರೆ ಸೊನ್ನೆ. ಗುರುವಾರ ಮೇಸ್ತ್ರಿ ಎಂಟು ಜನರನ್ನ ಬೇರೆ ಸೈಟಿಗೆ ಕರ್ಕೊಂಡು ಹೋದ, ಅವರು ವಾಪಸ್ ಬಂದದ್ದು ಇಪ್ಪತ್ತು ದಿನ ಬಿಟ್ಟು. ನಾನು ದಂಡ ಹಾಕಿದ್ದು ಆಗಲೇ. ಅಲ್ಲಿಂದಾಚೆಗೆ ಅವನು ಕೇಳಿದ್ದಕ್ಕೆಲ್ಲ ಹೂಂ ಅಂತಿದ್ದ, ಮನಸ್ಸು ಬಂದಾಗ ಜನ ಕಳಿಸ್ತಿದ್ದ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಇದು ನಮ್ಮ ಮೇಸ್ತ್ರಿಗಳ ಗುಣ ಅಂತಲೂ ಅಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ಗ್ಲೆನ್ ಬಲ್ಲಾರ್ಡ್, ಗ್ರೆಗ್ ಹೋವೆಲ್ ಅನ್ನೋರು ಸೈಟುಗಳಲ್ಲಿ ಅಳೆದು ನೋಡಿದಾಗ ಅಲ್ಲೂ ವಾರಕ್ಕೆ ಒಪ್ಪಿಕೊಂಡ ಕೆಲಸಗಳಲ್ಲಿ ಮುಗೀತಿದ್ದದ್ದು ಸುಮಾರು ಅರ್ಧ. ಅವರ ಲಾಸ್ಟ್ ಪ್ಲಾನರ್ ಪದ್ಧತಿಯಲ್ಲಿ ಲುಕ್‌ಅಹೆಡ್ ಇರೋದು ಕೆಲಸ ತೋರಿಸೋಕಲ್ಲ, ಕೆಲಸಕ್ಕೆ ಅಡ್ಡ ಇರೋದನ್ನ ಮುಂಚೇನೇ ತೆಗೆಯೋಕೆ. ಅಡ್ಡ ಇರೋ ಕೆಲಸ ವಾರದ ಪ್ಲಾನಿಗೆ ಬರೋ ಹಾಗೇ ಇಲ್ಲ.

ಆಮೇಲೆ ನಾನು ಬದಲಾಯಿಸಿದ್ದು ಹೆಚ್ಚೇನಿಲ್ಲ. ಗುರುವಾರ ಲುಕ್‌ಅಹೆಡ್‌ಗೆ ಅಂತಲೇ ಒಂದು ಗಂಟೆ ಕೂರ್ತಿದ್ವಿ. ಪ್ರತಿ ಅಡಚಣೆಗೆ ಒಬ್ಬ ಮನುಷ್ಯನ ಹೆಸರು, ಅವನೇ ಬಾಯಿಬಿಟ್ಟು ಹೇಳಿದ ತಾರೀಕು. ಕಂಪನಿ ಹೆಸರು, ಡಿಪಾರ್ಟ್‌ಮೆಂಟ್ ಹೆಸರು ಬರೆಯೋ ಹಾಗಿಲ್ಲ. ಆ ತಾರೀಕು ಹಿಂದಕ್ಕೆ ಲೆಕ್ಕ ಹಾಕಿದ ದಿನಕ್ಕಿಂತ ತಡವಾದ್ರೆ ಕೆಲಸವನ್ನೇ ಅವತ್ತೇ ಮುಂದಕ್ಕೆ ಹಾಕ್ತಿದ್ದೆ. ಪ್ರಾಜೆಕ್ಟ್ ಹೆಡ್ ಕೈಲಿ ಬೈಸ್ಕೊಂಡೆ, ಅದು ಬೇರೆ ಮಾತು. ಇದರ ಜೊತೆಗೆ ಪ್ರತಿ ತಂಡಕ್ಕೂ ಪೂರ್ತಿ ರೆಡಿ ಇರೋ ಒಂದು ಮೀಸಲು ಕೆಲಸ ಇಟ್ಟೆ. ಟೈಲ್ಸ್‌ನವರಿಗೆ ಬಾಲ್ಕನಿ ಸ್ಕರ್ಟಿಂಗ್. ಎಲ್ಲಾದ್ರೂ ಸಿಕ್ಕಿಹಾಕಿಕೊಂಡ್ರೆ ಜನ ಮೆಟ್ಟಿಲ ಮೇಲೆ ಕೂರಬಾರದು ಅಂತ.

ಶನಿವಾರ "ಆಗತ್ತಾ?" ಅಂತ ಕೇಳೋದು ಬಿಟ್ಟೆ. "ಏನು ಸಿಕ್ಕಿಲ್ಲ?" ಅಂತ ಕೇಳೋಕೆ ಶುರುಮಾಡಿದೆ. ಮೂರನೇ ವಾರ ಪ್ಲಾಸ್ಟರಿಂಗ್ ಮೇಸ್ತ್ರಿ ಮೊದಲ ಸಲ ಬಾಯಿಬಿಟ್ಟ: "ಒಂಬತ್ತನೇ ಫ್ಲೋರ್ ನಾ ಒಪ್ಕಳಲ್ಲ ಸಾ. ಕರೆಂಟ್‌ನೋರು ಬಾಕ್ಸೇ ಕೂರ್ಸಿಲ್ಲ. ನಾ ಗಾರೆ ಹೊಡೀತೀನಿ, ನಾಳೆ ಬಂದು ಒಡೀತಾರೆ." ಆ ಕೆಲಸ ತೆಗೆದು ಹಾಕಿದೆ. ಮುಂದಿನ ವಾರ ಇನ್ನಿಬ್ಬರು ಇಲ್ಲ ಅಂದರು. ನನಗೆ ಆಗಲೇ ಧೈರ್ಯ ಬಂದದ್ದು.

ಬರೀ ಪಿಪಿಸಿ ನೋಡ್ಕೊಂಡು ಕೂರಬೇಡಿ. ಒಪ್ಪಿದ್ದರಲ್ಲಿ ಪೂರ್ತಿ ಮುಗಿದದ್ದೆಷ್ಟು ಅನ್ನೋ ಲೆಕ್ಕ ಅದು, ಕಡಿಮೆ ಒಪ್ಕೊಂಡ್ರೆ ತಾನಾಗೇ ಏರತ್ತೆ. ಮೂರು ವಾರದ ಹಿಂದಿನ ಶೀಟ್ ತೆಗೆದು, ಈ ವಾರಕ್ಕೆ ಅಂತ ಹಾಕಿದ್ದ ಕೆಲಸಗಳಲ್ಲಿ ಎಷ್ಟು ನಿಜವಾಗಿ ಅಡಚಣೆಯಿಲ್ಲದೆ ಬಂತು ಅಂತ ಎಣಿಸಿ. ನಮ್ಮಲ್ಲಿ ಅದು ಹತ್ತಕ್ಕೆ ನಾಲ್ಕಿತ್ತು. ನಾಲ್ಕು ತಿಂಗಳಲ್ಲಿ ಏಳಾಯ್ತು, ಪಿಪಿಸಿ ಅದರ ಹಿಂದೆ ಏರಿ ಎಪ್ಪತ್ತರ ಆಚೀಚೆ ನಿಂತಿತು. ಅದಕ್ಕಿಂತ ಮೇಲೆ ಹೋಗಲಿಲ್ಲ. ಹಬ್ಬಕ್ಕೆ ಊರಿಗೆ ಹೋದವರು ಯಾವಾಗ ಬರ್ತಾರೆ, ಫ್ಲ್ಯಾಟ್ ತಗೊಂಡವರು ಯಾವಾಗ ಕಿಚನ್ ಬದಲಾಯಿಸ್ತಾರೆ ಅನ್ನೋದು ಯಾವ ಶೀಟಿಗೂ ಸಿಗಲಿಲ್ಲ.

ಆ ಐದು ಸಾವಿರವನ್ನ ಮುಂದಿನ ಬಿಲ್ಲಲ್ಲಿ ವಾಪಸ್ ಹಾಕಿಸಿದೆ. ಮೇಸ್ತ್ರಿ ಬಿಲ್ ನೋಡಿದ, ಥ್ಯಾಂಕ್ಸ್ ಏನೂ ಹೇಳಲಿಲ್ಲ. ಎಂಟನೇ ಫ್ಲೋರಿಗೆ ನೀರು ಯಾವತ್ತು ಕಟ್ತಾರೆ ಅಂತ ಕೇಳಿ, ತಾರೀಕನ್ನ ಟೈಲ್ಸ್ ಬಾಕ್ಸ್ ಮೇಲೆ ಪೆನ್ಸಿಲಲ್ಲಿ ಬರ್ಕೊಂಡು ಹೋದ.