ಗ್ಯಾಸ್ ತಪಾಸಣೆಗೆಂದು ಬಂದವರಿಗೆ ಬಾಗಿಲು ತೆರೆಯುವ ಮುನ್ನ

"ವಿಜಯಪುರದಲ್ಲಿ ಅವ್ವ ಮಧ್ಯಾಹ್ನ ಒಬ್ಬರೇ ಇರುತ್ತಾರೆ. ಗ್ಯಾಸ್ ಪೈಪ್ ನೋಡುತ್ತೇವೆಂದು ಬರುವವರಿಗೆ ಒರಟಾಗದೆ ಏನು ಹೇಳಬೇಕು?"

ಜಾಲರಿ ಬಾಗಿಲಿನ ಚಿಲಕ ತೆಗೆಯದೆಯೇ ಅವ್ವನವರು "ನಮಸ್ಕಾರ್ರೀ, ಯಾವ ಏಜೆನ್ಸಿಯಿಂದ ಬಂದೀರಿ? ನಮ್ಮ ಗ್ರಾಹಕ ಸಂಖ್ಯೆ ಹೇಳ್ರಿ" ಎಂದು ಕೇಳಲಿ. ಏಜೆನ್ಸಿಯೇ ಕಳಿಸಿದವರ ಬಳಿ ಆ ಸಂಖ್ಯೆ ಇರಬೇಕು. "ನಿಮ್ಮ ಗ್ಯಾಸ್ ಪುಸ್ತಕ ತೋರಿಸಿ" ಎನ್ನುವವರಿಗೆ ಪುಸ್ತಕವನ್ನು ಕೊಡಬಾರದು. ಗುರುತಿನ ಚೀಟಿಯನ್ನು ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದಾದ್ದರಿಂದ, ಬಂದವರು ಕೊಡುವ ಸಂಖ್ಯೆಗೆ ಹಚ್ಚದೆ, ನಿಮ್ಮ ಪುಸ್ತಕದಲ್ಲಿರುವ ಏಜೆನ್ಸಿಯ ಸಂಖ್ಯೆಗೇ ಕರೆ ಮಾಡಿ ವಿಚಾರಿಸುವುದು ಒಳ್ಳೆಯದು.

ನಮ್ಮ ಮನೆಗೆ ಬಂದಿದ್ದವನು ಪೈಪ್ ಸೋರುತ್ತಿದೆ, ಈಗಲೇ ಬದಲಿಸಬೇಕೆಂದು ಅವಸರಪಡಿಸಿದ್ದ. ಏಜೆನ್ಸಿಗೆ ಕರೆ ಹಚ್ಚುತ್ತಿದ್ದಂತೆಯೇ ಹೊರಟುಹೋದ. ನಿಜವಾಗಿ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಮನೆಯಿಂದ ಹೊರಬಂದ ಮೇಲೆ ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು.

ಬಿಸಿಲಲ್ಲಿ ಬಂದವರು ನೀರು ಕೇಳಿದರೆ ಇಲ್ಲವೆನ್ನಲು ನಮ್ಮ ಕಡೆಯ ಹಿರಿಯರಿಗೆ ಮನಸ್ಸು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ನೀರು ತರಲು ಒಳಗೆ ಹೋಗುವಾಗ ಚಿಲಕ ಹಾಕಿಯೇ ಇರಲಿ, ಲೋಟವನ್ನು ಜಾಲರಿಯ ಸಂದಿಯಿಂದಲೇ ಕೊಡಲಿ. "ಮಗ ಸಂಜೀಕ ಬರ್ತಾನ, ಆಗ ಬರ್ರಿ" ಎನ್ನುವುದಕ್ಕಿಂತ "ಈಗ ಬ್ಯಾಡ್ರೀ, ನಾವೇ ಏಜೆನ್ಸಿಗೆ ಹೇಳಿ ಕರೆಸ್ತೀವಿ" ಎನ್ನುವುದು ಲೇಸು. ಮೊದಲನೆಯ ಮಾತಿನಿಂದ ಮನೆಯಲ್ಲಿ ಒಬ್ಬರೇ ಇರುವುದು ತಿಳಿದುಬಿಡುತ್ತದೆ.